ಹನ್ನೊಂದು ಮನೆಗಳ ನೀರಿನ ಲೆಕ್ಕ: ಚತುರ್ಥಕಗಳನ್ನು ಕೈಯಲ್ಲೇ ಕಂಡುಹಿಡಿಯುವ ಬಗೆ

ಏರಿಕೆ ಕ್ರಮದ ಪಟ್ಟಿಯನ್ನು ನಾಲ್ಕು ಸಮಪಾಲು ಮಾಡುವ ಮೂರು ಅಂಕಿಗಳೇ ಚತುರ್ಥಕಗಳು. ಅವನ್ನು ಕಂಡುಹಿಡಿಯಲು ಎಣಿಸುವುದು, ಕೂಡುವುದು, ಕಳೆಯುವುದು ಗೊತ್ತಿದ್ದರೆ ಸಾಕು. ಆದರೂ ಪಿಯುಸಿ ವಿದ್ಯಾರ್ಥಿಗಳಿಂದ ಹಿಡಿದು ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಯವರೆಗೆ ಹಲವರು ಒಂದೇ ಜಾಗದಲ್ಲಿ ಎಡವುವುದನ್ನು ನೋಡುತ್ತಲೇ ಬಂದಿದ್ದೇನೆ. ಪಟ್ಟಿಯನ್ನು ಎರಡು ಭಾಗ ಮಾಡುವಾಗ ನಡುವಿನ ಅಂಕಿಯನ್ನು ಏನು ಮಾಡಬೇಕು ಎಂಬುದೇ ಆ ಜಾಗ. ಉಳಿದ ಹಂತಗಳು ಸುಲಭವಾದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಉದಾಹರಣೆಗೆ ಹನ್ನೆರಡು ಮನೆಗಳಿರುವ ಒಂದು ಕಟ್ಟಡವನ್ನು ತೆಗೆದುಕೊಳ್ಳೋಣ. ಪ್ರತಿ ಮನೆಗೂ ನೀರಿನ ಮೀಟರ್ ಇದೆ, ಒಂದು ಮನೆಗೆ ಮಾತ್ರ ತಿಂಗಳಿಡೀ ಬೀಗ ಹಾಕಿತ್ತು. ಉಳಿದ ಹನ್ನೊಂದು ಮನೆಗಳ ಒಂದು ತಿಂಗಳ ಬಳಕೆ, ಕಿಲೋಲೀಟರ್‌ಗಳಲ್ಲಿ, ಹೀಗಿದೆ ಎಂದುಕೊಳ್ಳಿ: 14, 9, 17, 12, 31, 15, 11, 24, 12, 16, 13. ಒಂದು ಕಿಲೋಲೀಟರ್ ಎಂದರೆ ಸಾವಿರ ಲೀಟರ್. ಯಾವ ಮನೆಯ ಬಳಕೆ ಉಳಿದವುಗಳ ನಡುವೆ ಅಸಹಜವಾಗಿದೆ ಎಂದು ತಿಳಿಯಬೇಕು.

ಮೊದಲ ಹಂತ: ಏರಿಕೆ ಕ್ರಮ

ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದು, ಪ್ರತಿಯೊಂದರ ಕೆಳಗೆ ಅದರ ಸ್ಥಾನಸಂಖ್ಯೆಯನ್ನು ಬರೆಯಿರಿ.

```
ಬಳಕೆ:  9  11  12  12  13  14  15  16  17  24  31
ಸ್ಥಾನ:  1   2   3   4   5   6   7   8   9  10  11
```

ಕೆಳಗಿನ ಸಾಲು ಅನಗತ್ಯ ಎನಿಸಬಹುದು, ಆದರೆ ಅದನ್ನು ಬಿಡಬೇಡಿ. 12 ಎರಡು ಸಲ ಬಂದಿದೆ, ಅದನ್ನು ಎರಡು ಸಲವೇ ಬರೆಯಬೇಕು. ಒಂದೇ ಸಲ ಬರೆದವರಿಗೆ ಈ ಪಟ್ಟಿಯಲ್ಲಿ ನಟ್ಟನಡುವಿನ ಅಂಕಿಯಾದ ಮಧ್ಯಾಂಕ 14ರ ಬದಲು 14.5 ಬರುತ್ತದೆ, ಚತುರ್ಥಕಗಳು ಮಾತ್ರ ಆಕಸ್ಮಿಕವಾಗಿ ಸರಿಯಾಗಿಯೇ ಬಂದುಬಿಡುತ್ತವೆ. ಹೀಗೆ ಅಡಗಿಕೊಳ್ಳುವ ತಪ್ಪನ್ನು ಕೊನೆಯ ಸ್ಥಾನಸಂಖ್ಯೆ 11 ಇದೆಯೋ 10 ಇದೆಯೋ ಎಂಬುದೇ ಬಯಲು ಮಾಡುತ್ತದೆ.

ಎರಡನೆಯ ಹಂತ: ಮಧ್ಯಾಂಕ

ಹನ್ನೊಂದು ಅಂಕಿಗಳಲ್ಲಿ ನಟ್ಟನಡುವಿನದು ಆರನೆಯದು, ಅಂದರೆ 14.

ಮೂರನೆಯ ಹಂತ: ಪಟ್ಟಿಯನ್ನು ಸೀಳುವುದು

ಮೊದಲ ಚತುರ್ಥಕವೆಂದರೆ ಕೆಳಗಿನ ಅರ್ಧದ ಮಧ್ಯಾಂಕ, ಮೂರನೆಯ ಚತುರ್ಥಕವೆಂದರೆ ಮೇಲಿನ ಅರ್ಧದ ಮಧ್ಯಾಂಕ. ಎರಡನೆಯದು ಈಗಾಗಲೇ ಕಂಡುಹಿಡಿದಿರುವ ಮಧ್ಯಾಂಕವೇ. ಹನ್ನೊಂದು ಬೆಸಸಂಖ್ಯೆಯಾದ್ದರಿಂದ ಪಟ್ಟಿ ಸಮನಾಗಿ ಎರಡಾಗುವುದಿಲ್ಲ, 14 ನಡುವೆ ಉಳಿದುಬಿಡುತ್ತದೆ. ಅದನ್ನು ಎರಡೂ ಕಡೆಯಿಂದ ಬಿಡಬಹುದು, ಇಲ್ಲವೇ ಎರಡೂ ಕಡೆಗೆ ಸೇರಿಸಬಹುದು. ಒಂದು ಕಡೆಗೆ ಮಾತ್ರ ಸೇರಿಸುವುದು ಯಾವ ಪದ್ಧತಿಯೂ ಅಲ್ಲ, ಆದರೆ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಅದೇ.

ಬಿಟ್ಟು ಲೆಕ್ಕ ಹಾಕಿದರೆ ಕೆಳಗಿನ ಅರ್ಧ 9, 11, 12, 12, 13 ಎಂದಾಗುತ್ತದೆ, ಅದರ ನಡುವಿನ ಅಂಕಿ 12. ಮೇಲಿನ ಅರ್ಧ 15, 16, 17, 24, 31, ಅದರ ನಡುವಿನ ಅಂಕಿ 17. ನಮ್ಮ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಸೂತ್ರವೂ ಇಲ್ಲಿ ಇದೇ ಉತ್ತರವನ್ನು ಕೊಡುತ್ತದೆ. ಅಂಕಿಗಳ ಸಂಖ್ಯೆಗೆ ಒಂದು ಕೂಡಿಸಿ ನಾಲ್ಕರಿಂದ ಭಾಗಿಸಿದರೆ 12 ÷ 4 = 3, ಅದರ ಮೂರರಷ್ಟು 9. ಇವು ಸ್ಥಾನಗಳೇ ಹೊರತು ಚತುರ್ಥಕಗಳಲ್ಲ. ಮೂರನೆಯ ಸ್ಥಾನದಲ್ಲಿರುವ 12 ಮತ್ತು ಒಂಬತ್ತನೆಯ ಸ್ಥಾನದಲ್ಲಿರುವ 17 ಚತುರ್ಥಕಗಳು. ‘ಮೊದಲ ಚತುರ್ಥಕ = 3’ ಎಂದು ಬರೆದು ಮುಂದೆ ಹೋಗುವವರು ಕಡಿಮೆಯಿಲ್ಲ. ಈ ಪಟ್ಟಿಯ ಅತಿ ಚಿಕ್ಕ ಅಂಕಿಯೇ 9 ಆಗಿರುವಾಗ ಚತುರ್ಥಕ 3 ಆಗಲು ಸಾಧ್ಯವೇ ಎಂದು ಒಮ್ಮೆ ಕೇಳಿಕೊಂಡರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

14ನ್ನು ಎರಡೂ ಕಡೆಗೆ ಸೇರಿಸಿದರೆ ಕೆಳಗಿನ ಭಾಗ 9, 11, 12, 12, 13, 14 ಎಂದು ಆರು ಅಂಕಿಗಳಾಗಿ, ನಡುವಿನ ಎರಡರ ಸರಾಸರಿ ಮತ್ತೆ 12 ಬರುತ್ತದೆ. ಮೇಲಿನ ಭಾಗ 14, 15, 16, 17, 24, 31 ಆಗುತ್ತದೆ, ಇಲ್ಲಿ 16 ಮತ್ತು 17ರ ಸರಾಸರಿ 16.5. ವ್ಯತ್ಯಾಸ ಅರ್ಧ ಕಿಲೋಲೀಟರ್ ಮಾತ್ರ, ಆದರೆ ಮುಂದಿನ ಹಂತದಲ್ಲಿ ಅದು ಒಂದು ಮನೆಯ ಹಣೆಬರಹವನ್ನೇ ಬದಲಿಸುತ್ತದೆ.

ಕೈಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿ ಪರೀಕ್ಷಿಸಲು ಹೋಗಿ ಗಾಬರಿಯಾಗುವವರಿಗೂ ಇದೇ ಉತ್ತರ. ಎಕ್ಸೆಲ್‌ನ QUARTILE ಮತ್ತು QUARTILE.INC ಈ ಪಟ್ಟಿಗೆ 16.5 ಎನ್ನುತ್ತವೆ, QUARTILE.EXC ಮಾತ್ರ 17 ಎನ್ನುತ್ತದೆ. ಎರಡರಲ್ಲಿ ಯಾವುದೂ ಕೆಟ್ಟಿಲ್ಲ, ಅವು ಅನುಸರಿಸುವ ಪದ್ಧತಿ ಬೇರೆ. ಯಾವ ಪದ್ಧತಿ ಎಂದು ಹೇಳದೆ ಉತ್ತರವನ್ನಷ್ಟೇ ತೋರಿಸುವ ಅಂತರ್ಜಾಲದ ಕ್ಯಾಲ್ಕುಲೇಟರ್‌ಗಳನ್ನು ಮಾತ್ರ ದೂರವಿಡಿ. ಕೈಯಲ್ಲಿ ಮಾಡುವಾಗ ಮಧ್ಯಾಂಕವನ್ನು ಬಿಟ್ಟುಬಿಡುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಪೆನ್ಸಿಲಿನಿಂದ 14ರ ಸುತ್ತ ಒಂದು ವೃತ್ತ ಎಳೆದರೆ ಎರಡು ಅರ್ಧಗಳು ತಾವಾಗಿಯೇ ಬೇರೆಯಾಗುತ್ತವೆ. ಯಾವುದನ್ನೇ ಆರಿಸಿಕೊಂಡರೂ ಹಾಳೆಯ ಮೇಲೆ ಅದನ್ನು ಬರೆದಿಡಿ, ಮುಂದಿನ ತಿಂಗಳು ಅದನ್ನೇ ಅನುಸರಿಸಿ.

ನಾಲ್ಕನೆಯ ಹಂತ: ಅಂತರ ಮತ್ತು ಬೇಲಿ

ಮೂರನೆಯ ಚತುರ್ಥಕದಿಂದ ಮೊದಲನೆಯದನ್ನು ಕಳೆಯಿರಿ: 17 − 12 = 5. ಇದೇ ಅಂತರ ಚತುರ್ಥಕ ವ್ಯಾಪ್ತಿ. ಪಟ್ಟಿಯ ನಡುವಿನ ಸುಮಾರು ಅರ್ಧದಷ್ಟು ಮನೆಗಳು ಈ ಐದು ಕಿಲೋಲೀಟರ್‌ಗಳ ಅಗಲದೊಳಗೆ ಇವೆ ಎಂದು ಇದರ ಅರ್ಥ. ಸಹಜ ಬಳಕೆಯ ಗಡಿಯಾದ ಬೇಲಿಯನ್ನು ಹಾಕಲು ಇದರ ಒಂದೂವರೆ ಪಟ್ಟು ತೆಗೆದುಕೊಳ್ಳಿ: 7.5. ಇದನ್ನು ಮೊದಲ ಚತುರ್ಥಕದಿಂದ ಕಳೆದರೆ ಕೆಳಬೇಲಿ 4.5, ಮೂರನೆಯ ಚತುರ್ಥಕಕ್ಕೆ ಕೂಡಿಸಿದರೆ ಮೇಲ್ಬೇಲಿ 24.5. ಕೂಡಿಸುವುದು, ಕಳೆಯುವುದು ಚತುರ್ಥಕಗಳಿಂದಲೇ ಆಗಬೇಕು, ಮಧ್ಯಾಂಕದಿಂದ ಅಲ್ಲ. ಈ ಒಂದೂವರೆ ಪಟ್ಟಿನ ನಿಯಮವನ್ನು ಬಳಕೆಗೆ ತಂದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟೂಕಿ. ಅವರು 1977ರಲ್ಲಿ ಪ್ರಕಟಿಸಿದ ಪುಸ್ತಕದ ನಂತರ ಅದು ಎಲ್ಲೆಡೆ ಹರಡಿತು.

ಬೇಲಿಯ ಆಚೆ ಇರುವ ಅಂಕಿ ಒಂದೇ, 31. ಆದರೆ 14ನ್ನು ಎರಡೂ ಕಡೆಗೆ ಸೇರಿಸಿದ ಪದ್ಧತಿಯಲ್ಲಿ ಅಂತರ 4.5, ಅದರ ಒಂದೂವರೆ ಪಟ್ಟು 6.75, ಮೇಲ್ಬೇಲಿ 16.5 + 6.75 = 23.25. ಆಗ 24 ಕೂಡ ಹೊರಗೆ ಬೀಳುತ್ತದೆ. ಅದೇ ಮನೆ, ಅದೇ ಮೀಟರ್, ಅದೇ ತಿಂಗಳು, ಆದರೂ ಒಂದು ಹಾಳೆಯಲ್ಲಿ ಅದು ಸಹಜ, ಇನ್ನೊಂದರಲ್ಲಿ ಅಸಹಜ. ಇಂಥ ಅಂಚಿನ ಅಂಕಿಯ ಬಗ್ಗೆ ಬೇಲಿಯ ಮಾತನ್ನೇ ಅಂತಿಮ ತೀರ್ಪೆಂದು ಒಪ್ಪಬಾರದು.

ಬೀಗ ಹಾಕಿದ ಮನೆಯನ್ನು ಸೊನ್ನೆ ಎಂದು ಸೇರಿಸುವವರೂ ಇದ್ದಾರೆ. ಆಗ ಅಂಕಿಗಳು ಹನ್ನೆರಡಾಗಿ, ಪಟ್ಟಿ ಆರು ಆರಾಗಿ ಸಲೀಸಾಗಿ ಸೀಳುತ್ತದೆ, ಚತುರ್ಥಕಗಳು 11.5 ಮತ್ತು 16.5 ಆಗುತ್ತವೆ. ಅಂತರ ಮತ್ತೆ 5, ಬೇಲಿಗಳು 4 ಮತ್ತು 24. ಸೊನ್ನೆ ಹೊರಬೀಳುತ್ತದೆ, 24 ಸರಿಯಾಗಿ ಬೇಲಿಯ ಮೇಲೆಯೇ ನಿಲ್ಲುತ್ತದೆ. ಬೇಲಿಯನ್ನು ದಾಟಿದ್ದು ಮಾತ್ರ ಹೊರಗಿನದು, ಬೇಲಿಯ ಮೇಲಿರುವುದು ಒಳಗಿನದೇ. ಆದರೆ ಯಾರೂ ವಾಸವಿರದ ಮನೆಯ ಸೊನ್ನೆ ‘ಬಳಕೆ’ಯೇ ಅಲ್ಲವಾದ್ದರಿಂದ ಅದು ಪಟ್ಟಿಗೆ ಬರಲೇಬಾರದು.

ಸರಾಸರಿಯಿಂದ ಏಕೆ ಆಗದು

ಇಷ್ಟೆಲ್ಲ ಏಕೆ, ಸರಾಸರಿ ತೆಗೆದು ಅದಕ್ಕಿಂತ ತುಂಬ ದೂರ ಇರುವುದನ್ನು ಗುರುತಿಸಿದರೆ ಸಾಲದೇ ಎಂದು ಕೇಳುವವರಿಗೆ ಈ ಪಟ್ಟಿಯಲ್ಲೇ ಉತ್ತರವಿದೆ. ಇಲ್ಲಿ ಸರಾಸರಿ ಸುಮಾರು 15.8, ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂದು ತೋರಿಸುವ ಮಾನಕ ವಿಚಲನೆ ಸುಮಾರು 6.4. ಸರಾಸರಿಯಿಂದ ಮಾನಕ ವಿಚಲನೆಯ ಮೂರು ಪಟ್ಟು ಆಚೆ ಇರುವುದನ್ನು ಹೊರಗಿಡುವ ಪರಿಚಿತ ನಿಯಮದ ಪ್ರಕಾರ ಗಡಿ 35ರ ಆಸುಪಾಸಿಗೆ ಹೋಗುತ್ತದೆ, 31 ನುಣುಚಿಕೊಳ್ಳುತ್ತದೆ. ಆ ಗಡಿಯನ್ನು ಅಷ್ಟು ದೂರಕ್ಕೆ ತಳ್ಳಿದ್ದರಲ್ಲಿ 31ರ ಕೈವಾಡವೇ ದೊಡ್ಡದು. ಯಾರೋ 31ರ ಬದಲು 310 ಎಂದು ಟೈಪ್ ಮಾಡಿದರೆಂದುಕೊಳ್ಳಿ. ಸರಾಸರಿ 41ಕ್ಕೆ ಏರಿ, ಉಳಿದ ಹತ್ತೂ ಮನೆಗಳಿಗಿಂತ ಮೇಲೆ ಹೋಗಿ ಕುಳಿತುಕೊಳ್ಳುತ್ತದೆ. ಚತುರ್ಥಕಗಳು ಮಾತ್ರ 12 ಮತ್ತು 17 ಆಗಿಯೇ ಇರುತ್ತವೆ, ಬೇಲಿ ಒಂದಂಗುಲವೂ ಸರಿಯುವುದಿಲ್ಲ.

ಪಟ್ಟಿ ತೀರ ಚಿಕ್ಕದಾದರೆ ಈ ಬಲವೂ ಉಳಿಯುವುದಿಲ್ಲ. 10, 11, 12, 1000 ಎಂಬ ನಾಲ್ಕು ಅಂಕಿಗಳನ್ನು ನೋಡಿ. ಮೇಲಿನ ಅರ್ಧದ ಮಧ್ಯಾಂಕ 506, ಕೆಳಗಿನದು 10.5, ಅಂತರ 495.5, ಮೇಲ್ಬೇಲಿ 1249ಕ್ಕಿಂತಲೂ ಹೆಚ್ಚು. 1000 ಆರಾಮವಾಗಿ ಒಳಗೇ ಉಳಿಯುತ್ತದೆ. ಅರ್ಧಗಳ ಮಧ್ಯಾಂಕ ತೆಗೆಯುವ ಈ ಪದ್ಧತಿಯಲ್ಲಿ ನಾಲ್ಕೇ ಅಂಕಿಗಳಿದ್ದರೆ ಎಷ್ಟೇ ದೊಡ್ಡ ಅಂಕಿಯಾದರೂ ಬೇಲಿ ದಾಟಲಾರದು. ಎಂಟಕ್ಕಿಂತ ಕಡಿಮೆ ಅಂಕಿಗಳಿದ್ದರೆ ನಾನು ಈ ಲೆಕ್ಕಕ್ಕೆ ಕೈಹಾಕುವುದಿಲ್ಲ, ಅಂಕಿಗಳನ್ನು ಕಣ್ಣಿನಿಂದಲೇ ನೋಡುತ್ತೇನೆ.

ಹೊರಬಿದ್ದ ಮನೆಯನ್ನು ಏನು ಮಾಡುವುದು

ಅಂಕಿಯನ್ನು ಅಳಿಸಿಹಾಕಬೇಡಿ, ಆ ಮನೆಗೆ ನೋಟಿಸನ್ನೂ ಕಳಿಸಬೇಡಿ. ಮೊದಲು ಮೀಟರ್ ಪುಸ್ತಕ ತೆರೆದು 13 ಎಂಬುದು 31 ಆಗಿಬಿಟ್ಟಿದೆಯೇ ನೋಡಿ, ಅಂಕೆಗಳು ಹಿಂದುಮುಂದಾಗುವುದು ತೀರ ಸಾಮಾನ್ಯ. ಅದು ಸರಿಯಿದ್ದರೆ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳಿ. ಭಾರತದ ನಗರಗಳ ನೀರು ಪೂರೈಕೆ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. ಆ ಲೆಕ್ಕದಲ್ಲಿ ನಾಲ್ವರ ಮನೆಗೆ ಮೂವತ್ತು ದಿನಕ್ಕೆ 16.2 ಕಿಲೋಲೀಟರ್ ಬೇಕು.

31 ಕಿಲೋಲೀಟರ್ ಬಳಸಿದ ಮನೆಯಲ್ಲಿ ಎಂಟು ಜನರಿದ್ದರೆ ತಲಾ ದಿನಕ್ಕೆ ಸುಮಾರು 129 ಲೀಟರ್ ಆಯಿತು, ಅಲ್ಲಿ ದೂರುವಂಥದ್ದೇನೂ ಇಲ್ಲ. ಬೇಲಿಯೊಳಗೆ ಉಳಿದ 24ರ ಮನೆಯಲ್ಲಿ ಮೂವರೇ ಇದ್ದರೆ ತಲಾ 267 ಲೀಟರ್ ಆಗುತ್ತದೆ. ಆದ್ದರಿಂದ ಇಂಥ ಕಟ್ಟಡದಲ್ಲಿ ಮನೆಯ ಒಟ್ಟು ಬಳಕೆಯನ್ನು ಜನರ ಸಂಖ್ಯೆಯಿಂದ ಭಾಗಿಸಿ, ಆ ತಲಾ ಬಳಕೆಯ ಪಟ್ಟಿಗೆ ಮೇಲಿನ ನಾಲ್ಕು ಹಂತಗಳನ್ನು ಇನ್ನೊಮ್ಮೆ ನಡೆಸುವುದು ಸರಿಯಾದ ಕ್ರಮ. ಆಗಲೂ ಹೊರಬಿದ್ದ ಮನೆಯಲ್ಲಿ ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ಮೀಟರ್ ಓದಿ, ಯಾರೂ ನೀರು ಮುಟ್ಟುವ ಮುನ್ನ ಬೆಳಿಗ್ಗೆ ಮತ್ತೆ ಓದಿ. ಅಂಕಿ ಮುಂದೆ ಹೋಗಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಶೌಚಾಲಯದ ಫ್ಲಶ್ ಟ್ಯಾಂಕ್: ಅದರೊಳಗೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆಯೇ ಅರ್ಧ ಗಂಟೆ ಬಿಟ್ಟು ನೋಡಿದಾಗ ಬಣ್ಣ ಕೆಳಗಿಳಿದಿದ್ದರೆ ಟ್ಯಾಂಕಿನ ವಾಷರ್ ಬದಲಿಸಬೇಕು.