ಕಾಫಿ ತೋಟದ ನಡುವಿನ ಆವರಣಕ್ಕೆ ಲೋರಾ ಜಾಲ: ದೂರ ಮತ್ತು ಬ್ಯಾಟರಿಯ ಲೆಕ್ಕ

ಗೋಣಿಕೊಪ್ಪದ ಸಮೀಪ ನಾನು ಕೆಲಸ ಮಾಡುವ ಕಾಲೇಜಿನ ಆವರಣ ಇಳಿಜಾರಿನಲ್ಲಿದೆ. ಮೇಲೆ ತರಗತಿ ಕಟ್ಟಡಗಳು, ನಡುವೆ ಸಿಲ್ವರ್ ಓಕ್ ಮತ್ತು ಹಾಲುವಾಣದ ನೆರಳಿನ ಕಾಫಿ ತೋಟ, ಕೆಳಗೆ ಗದ್ದೆಯ ಅಂಚಿಗೆ ಪಂಪ್‌ಹೌಸ್. ಬಾವಿಯ ನೀರಿನ ಮಟ್ಟ, ತೋಟದ ಮಣ್ಣಿನ ತೇವಾಂಶ ಹಾಗೂ ಮಳೆಯ ಅಳತೆಯನ್ನು ಹದಿನೈದು ನಿಮಿಷಕ್ಕೊಮ್ಮೆ ಕಚೇರಿಗೆ ತಲುಪಿಸುವ ಜಾಲವನ್ನು ಕಟ್ಟುವುದು ನನ್ನ ಪಾಲಿಗೆ ಬಂದ ಕೆಲಸವಾಗಿತ್ತು.

ವೈಫೈಯನ್ನು ಮೊದಲೇ ಕೈಬಿಟ್ಟೆ. ನಿದ್ರೆಯಿಂದ ಎದ್ದು ರೂಟರಿಗೆ ಸೇರಿ ದತ್ತಾಂಶ ಕಳುಹಿಸಲು ಅಳತೆಯ ಸಾಧನಕ್ಕೆ, ಅಂದರೆ ನೋಡ್‌ಗೆ, ಸುಮಾರು ಮೂರು ಸೆಕೆಂಡು ಬೇಕು, ಆ ಹೊತ್ತಿನಲ್ಲಿ ಸರಾಸರಿ 120 ಮಿಲಿಆಂಪಿಯರ್ ಹಿಡಿದರೂ ದಿನಕ್ಕೆ ಹತ್ತು ಮಿಲಿಆಂಪಿಯರ್-ಗಂಟೆಯಷ್ಟು ಖರ್ಚಾಗುತ್ತದೆ. ನೋಡ್‌ನಿಂದ ನೋಡ್‌ಗೆ ಸಂದೇಶ ದಾಟಿಸುತ್ತಾ ಹೋಗುವ ಜಿಗ್‌ಬೀ ಇದಕ್ಕಿಂತ ಬಹಳ ಮಿತವ್ಯಯಿ ಎಂಬುದು ನಿಜ, ಆದರೆ ಆ ಮಿತವ್ಯಯ ತುದಿಯ ನೋಡ್‌ಗಳಿಗೆ ಮಾತ್ರ ಸಲ್ಲುತ್ತದೆ. ಸಂದೇಶವನ್ನು ದಾಟಿಸುವ ನಡುವಿನ ನೋಡ್‌ಗಳು ಸದಾ ಕಿವಿ ತೆರೆದಿರಬೇಕಾದ್ದರಿಂದ, 20 ಮಿಲಿಆಂಪಿಯರ್‌ನ ಲೆಕ್ಕದಲ್ಲಿ ಅವು ದಿನಕ್ಕೆ 480 ಮಿಲಿಆಂಪಿಯರ್-ಗಂಟೆ ಬಳಸುತ್ತವೆ. ಕಾಫಿ ಗಿಡಗಳ ನಡುವೆ ವಿದ್ಯುತ್ ಸಂಪರ್ಕ ಎಲ್ಲಿಂದ ತರುವುದು? ಮೇಲಾಗಿ ಇವೆರಡೂ ಇಲ್ಲಿ ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ, ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ 865–868 ಮೆಗಾಹರ್ಟ್ಸ್‌ಗೆ ಹೋಲಿಸಿದರೆ, ಬಯಲಿನಲ್ಲಿಯೇ ಸುಮಾರು 9 ಡೆಸಿಬೆಲ್ ಹೆಚ್ಚು ನಷ್ಟವಾಗುತ್ತದೆ. ಎಲೆಗಳ ನಡುವೆ ಈ ಅಂತರ ಇನ್ನೂ ಹಿಗ್ಗುತ್ತದೆ. ಹೀಗಾಗಿ ಈ ಕೆಳಗಿನ ಆವರ್ತನದಲ್ಲಿ ಚಿಕ್ಕ ಸಂದೇಶಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಕಳುಹಿಸುವ ರೇಡಿಯೊ ತಂತ್ರವಾದ ಲೋರಾವನ್ನು ಆರಿಸಿಕೊಂಡೆ.

ಲೋರಾ ಆರಿಸಿದ ಮಾತ್ರಕ್ಕೆ ಬ್ಯಾಟರಿಯ ಪ್ರಶ್ನೆ ಮುಗಿಯುವುದಿಲ್ಲ. ಅದರಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಎಸ್‌ಎಫ್, 7ರಿಂದ 12ರವರೆಗಿನ ಹಂತಗಳಿವೆ. ಒಂದೊಂದು ಹಂತ ಏರಿದಾಗಲೂ ಸುಮಾರು 2.5 ಡೆಸಿಬೆಲ್ ದುರ್ಬಲವಾದ ಸಂಕೇತವನ್ನು ಗುರುತಿಸಬಹುದು, ಆದರೆ ಅದೇ ಸಂದೇಶ ಗಾಳಿಯಲ್ಲಿರುವ ಸಮಯ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ನನ್ನ ಹತ್ತು ಬೈಟ್‌ಗಳ ಅಳತೆ, ಲೋರಾ ಜಾಲದ ನಿಯಮಾವಳಿಯಾದ ಲೋರಾವಾನ್‌ನ ಹದಿಮೂರು ಬೈಟ್‌ಗಳೂ ಸೇರಿ, ಎಸ್‌ಎಫ್ 7ರಲ್ಲಿ 62 ಮಿಲಿಸೆಕೆಂಡಿನಲ್ಲಿ ಹೋಗುತ್ತದೆ. ಎಸ್‌ಎಫ್ 12ರಲ್ಲಿ ಅದಕ್ಕೆ 1.48 ಸೆಕೆಂಡು ಬೇಕು. ಕಳುಹಿಸುವಾಗ 40 ಮಿಲಿಆಂಪಿಯರ್, ದಿನಕ್ಕೆ 96 ಸಂದೇಶ ಎಂದಿಟ್ಟುಕೊಂಡರೆ ದಿನದ ಪ್ರಸಾರದ ಖರ್ಚು ಹೀಗಾಗುತ್ತದೆ:

```
SF7 : 40 × 0.062 × 96 / 3600 = 0.07 mAh
SF12: 40 × 1.48  × 96 / 3600 = 1.58 mAh
```

ನಿದ್ರೆಯಲ್ಲಿ 10 ಮೈಕ್ರೋಆಂಪಿಯರ್‌ನಂತೆ ದಿನಕ್ಕೆ 0.24 ಖರ್ಚಾಗುತ್ತದೆ. ಅಂದರೆ ಎಸ್‌ಎಫ್ 7ರಲ್ಲಿ ಪ್ರಸಾರಕ್ಕಿಂತ ನಿದ್ರೆಯೇ ದುಬಾರಿ, ಎಸ್‌ಎಫ್ 12ರಲ್ಲಿ ಪ್ರಸಾರವೇ ಬಹುಪಾಲನ್ನು ನುಂಗುತ್ತದೆ.

ಪಂಪ್‌ಹೌಸ್‌ನ ನೋಡ್ ಇದನ್ನು ಕಣ್ಣಾರೆ ತೋರಿಸಿತು. ನೋಡ್‌ಗಳ ಸಂದೇಶ ಹಿಡಿದು ಸರ್ವರ್‌ಗೆ ದಾಟಿಸುವ ಗೇಟ್‌ವೇ ಆಗ ಕಚೇರಿಯ ತಾರಸಿಯ ಮೇಲಿತ್ತು. ಹೂಮಳೆಗೆ ಮುಂಚಿನ ಒಣ ದಿನಗಳಲ್ಲಿ ನೋಡ್ ಎಸ್‌ಎಫ್ 10ರಲ್ಲಿ ನೆಲೆಸಿತ್ತು. ಸಂಕೇತ ಮತ್ತು ಗದ್ದಲದ ಅನುಪಾತ -5 ಡೆಸಿಬೆಲ್‌ನ ಆಸುಪಾಸಿನಲ್ಲಿತ್ತು. ಕಕ್ಕಡದ ಮಳೆ ಹಿಡಿದಾಗ ಅದು -15ರ ಅಂಚಿಗೆ ಜಾರಿತು, ಎಸ್‌ಎಫ್ 10ರ ಮಿತಿಯೂ ಅಲ್ಲಿಗೇ ಮುಗಿಯುತ್ತದೆ. ಈ ಆವರ್ತನದಲ್ಲಿ ಮಳೆಹನಿಗಳು ತಡೆಯೊಡ್ಡುವುದು ನಗಣ್ಯ. ತಡೆಯೊಡ್ಡಿದ್ದು ಚಿಗುರಿ ದಟ್ಟವಾಗಿ, ದಿನವಿಡೀ ತೊಯ್ದೇ ಇದ್ದ ಎಲೆಗಳು. ಸರ್ವರ್‌ನಿಂದ ಉತ್ತರ ಸಿಗದಿದ್ದಾಗ ನೋಡ್ ತಾನಾಗಿಯೇ ಹಂತ ಏರಿಸಿಕೊಳ್ಳುವುದರಿಂದ ಅದು ಎಸ್‌ಎಫ್ 12ಕ್ಕೆ ಹೋಗಿ ಅಲ್ಲಿಯೇ ಕುಳಿತಿತು. ಪರದೆಯಲ್ಲಿ ದತ್ತಾಂಶ ಬರುತ್ತಲೇ ಇದ್ದುದರಿಂದ ಯಾರಿಗೂ ಏನೂ ಅನಿಸಲಿಲ್ಲ. ಸುಳಿವು ಕೊಟ್ಟಿದ್ದು ಸಂದೇಶಗಳ ಕ್ರಮಸಂಖ್ಯೆ ತೋರಿಸುವ `fCnt` ಅಂಕಣ: ಸಂಖ್ಯೆಗಳು ನಡುನಡುವೆ ಜಿಗಿದಿದ್ದವು, ಪಕ್ಕದ ಕಾಲಂನಲ್ಲಿ ಎಸ್‌ಎಫ್ ಏರಿತ್ತು.

ಪ್ರಸಾರದ ಶಕ್ತಿಯನ್ನು ಹೆಚ್ಚಿಸಬಹುದಿತ್ತು, ಆದರೆ ಆ ಬೆಲೆಯನ್ನು ಪ್ರತಿಯೊಂದು ಬ್ಯಾಟರಿಯೂ ತೆರಬೇಕು. ಅದರ ಬದಲು ಗೇಟ್‌ವೇಯನ್ನೇ ಮರಗಳ ತುದಿಗಿಂತ ಎತ್ತರವಿದ್ದ ನೀರಿನ ಟ್ಯಾಂಕಿನ ಮೇಲಕ್ಕೆ ಸಾಗಿಸಿದೆ. ಆಂಟೆನಾವನ್ನು ಮಾತ್ರ ಮೇಲಿಟ್ಟು ಉದ್ದದ ತೆಳು ಕೋಆಕ್ಸ್ ಕೇಬಲ್ ಎಳೆಯುವ ಸಲಹೆಯೂ ಬಂದಿತ್ತು. ಅಂಥ ಕೇಬಲ್ ಈ ಆವರ್ತನದಲ್ಲಿ ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ತಿನ್ನುತ್ತದೆ, ಹತ್ತು ಮೀಟರಿಗೆ ಎರಡು ಎಸ್‌ಎಫ್ ಹಂತಗಳಷ್ಟು ನಷ್ಟ. ಆದ್ದರಿಂದ ನೀರು ನುಗ್ಗದ ಪೆಟ್ಟಿಗೆಯಲ್ಲಿ ಗೇಟ್‌ವೇಯನ್ನು ಆಂಟೆನಾದ ಪಕ್ಕದಲ್ಲೇ ಕೂರಿಸಿ, ಕೆಳಗಿನ ಇನ್ವರ್ಟರ್‌ನಿಂದ ಈಥರ್‌ನೆಟ್ ಕೇಬಲ್‌ನಲ್ಲಿಯೇ ವಿದ್ಯುತ್ ಕೊಟ್ಟೆ. ಸಿಡಿಲಿನ ಊರಾದ್ದರಿಂದ ಸರ್ಜ್ ಅರೆಸ್ಟರ್ ಮತ್ತು ಸರಿಯಾದ ಅರ್ಥಿಂಗ್‌ಗೆ ಹಣ ಉಳಿಸಲು ಹೋಗಲಿಲ್ಲ. ಮುಂದಿನ ಮಳೆಯಲ್ಲಿ ಪಂಪ್‌ಹೌಸ್ ನೋಡ್ ಎಸ್‌ಎಫ್ 8ರಲ್ಲಿಯೇ ನಿಂತಿತು.

ನೋಡ್‌ಗಳಲ್ಲಿ 2,600 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಥಯೋನೈಲ್ ಕ್ಲೋರೈಡ್ ಸೆಲ್‌ಗಳಿವೆ. 2,000 ಮಾತ್ರ ಕೈಗೆ ಸಿಗುತ್ತದೆ ಎಂದು ಹಿಡಿದರೆ, ಸದಾ ಎಸ್‌ಎಫ್ 12ರಲ್ಲಿರುವ ನೋಡ್ ಸುಮಾರು ಮೂರು ವರ್ಷ ಮಾತ್ರ ಬಾಳುತ್ತದೆ. ಎಸ್‌ಎಫ್ 8ರಲ್ಲಿ ಲೆಕ್ಕ ಹತ್ತು ವರ್ಷ ದಾಟುತ್ತದೆ, ಆದರೆ ಅಷ್ಟರಲ್ಲಿ ಸೆಲ್ ತಾನೇ ಸೋರಿಕೊಳ್ಳುವುದೂ ಸೇರುವುದರಿಂದ ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಈ ಸೆಲ್‌ಗಳ ವೋಲ್ಟೇಜ್ ಕೊನೆಯವರೆಗೂ 3.6ರ ಆಸುಪಾಸಿನಲ್ಲೇ ನಿಂತು ಆಮೇಲೆ ಒಮ್ಮೆಲೇ ಕುಸಿಯುವುದರಿಂದ, ಉಳಿದ ಆಯುಸ್ಸನ್ನು ವೋಲ್ಟೇಜ್ ನೋಡಿ ಹೇಳಲಾಗದು. ಆದ್ದರಿಂದ ಸರ್ವರ್ ಪ್ರತಿ ಸಂದೇಶದ ಎಸ್‌ಎಫ್‌ನಿಂದ ಖರ್ಚನ್ನು ಕೂಡುತ್ತಾ ಹೋಗುತ್ತದೆ, `fCnt` ಜಿಗಿದಲ್ಲಿ ಕಳೆದುಹೋದ ಸಂದೇಶಗಳನ್ನೂ ಸೇರಿಸಿಕೊಳ್ಳುತ್ತದೆ. ಮೊತ್ತ 1,800 ಮುಟ್ಟಿದ ನೋಡ್‌ಗೆ ಮಳೆಗಾಲಕ್ಕೆ ಮುಂಚೆಯೇ ಹೊಸ ಸೆಲ್ ಹಾಕುತ್ತೇವೆ.