ಆಶಾ ಅಕ್ಕನ ಜೊತೆ ಹೋಗಿ ಬಾಣಂತಿಯ ಮಾತು ಕೇಳುವುದು

ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಬಾಣಂತಿಯರ ಆರೈಕೆ ಬಗ್ಗೆ ಅಧ್ಯಯನ ಮಾಡುವವರಿಗೆ ಬಾಗಿಲು ತೆರೆಯುವವರು ಆಶಾ ಕಾರ್ಯಕರ್ತೆಯರು. ತೊಡಕೂ ಅಲ್ಲೇ ಇದೆ. ಹೆರಿಗೆ ಆಸ್ಪತ್ರೆಯಲ್ಲಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಹೋಗಿ ಮಗುವನ್ನು ನೋಡಬೇಕು. ಆರೂ ಭೇಟಿ ಮುಗಿದರೆ ಅವರಿಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ನಾವು ಬಾಣಂತಿಗೆ ಕೇಳುವ ಮೊದಲ ಪ್ರಶ್ನೆಯೇ 'ಮನೆಗೆ ಯಾರು ಬಂದಿದ್ರು?' ಎಂದಾದರೆ, ಬಾಗಿಲು ತೆರೆದವರ ಲೆಕ್ಕವನ್ನೇ ತಪಾಸಣೆ ಮಾಡಿದಂತೆ.

ಹಾಗಾಗಿ ನೈತಿಕ ಸಮಿತಿಯ ಒಪ್ಪಿಗೆ, ತಾಲ್ಲೂಕು ಆರೋಗ್ಯಾಧಿಕಾರಿಯ ಪತ್ರ ಕೈಗೆ ಬಂದ ಕೂಡಲೇ ನಾನು ಹಳ್ಳಿಗೆ ಹೋಗುವುದಿಲ್ಲ. ಮೊದಲು ಪಿಎಚ್‌ಸಿಯಲ್ಲಿ ನಡೆಯುವ ಆಶಾಗಳ ಮಾಸಿಕ ಸಭೆಗೆ ಹೋಗುತ್ತೇನೆ. ವೈದ್ಯಾಧಿಕಾರಿ ಪರಿಚಯ ಮಾಡಿಕೊಟ್ಟು ಹೊರಗೆ ಹೋದ ಮೇಲೆ ಎರಡು ಮಾತು ಹೇಳುತ್ತೇನೆ: ಯಾವ ಮನೆಯ ಉತ್ತರವೂ ಈ ಆಸ್ಪತ್ರೆಗೆ ಬರುವುದಿಲ್ಲ, ವರದಿಯಲ್ಲಿ ಹಳ್ಳಿಯ ಹೆಸರೂ ಇರುವುದಿಲ್ಲ. ಎರಡನೆಯದು ಮುಖ್ಯ. ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ ಇರುವಾಗ ಹಳ್ಳಿಯ ಹೆಸರು ಬರೆದರೆ ಆಶಾಳ ಹೆಸರನ್ನೇ ಬರೆದ ಹಾಗೆ. ಆಮೇಲೆ ಅವರ ಕೆಲಸದ ಕಷ್ಟವನ್ನೂ ಒಂದು ಸಂದರ್ಶನವಾಗಿ, ಬೇರೆಯಾಗಿಯೇ ಕೇಳುತ್ತೇನೆ. ಅವರು ಬರೀ ದಾರಿ ತೋರಿಸುವವರಲ್ಲವಲ್ಲ.

ಮನೆಗಳ ಪಟ್ಟಿಯನ್ನು ಮಾತ್ರ ಒಬ್ಬರಿಂದಲೇ ತೆಗೆದುಕೊಳ್ಳಬಾರದು. ಆಶಾಳ ದಾಖಲೆಯಲ್ಲಿ 22 ಬಾಣಂತಿಯರು, ಅಂಗನವಾಡಿಯಲ್ಲಿ 24, ಎರಡರಲ್ಲೂ ಇರುವವರು 19 ಎಂದಿಟ್ಟುಕೊಳ್ಳಿ. ಎರಡರಲ್ಲೂ ಇರುವವರನ್ನು ಒಂದೇ ಸಲ ಎಣಿಸಿ ಕೂಡಿಸಿದರೆ 27. ಓಣಿ ಓಣಿ ಸುತ್ತಿದಾಗ ಇನ್ನೂ ನಾಲ್ವರು ಸಿಕ್ಕರೆ ಅವರು ಬಹುಪಾಲು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವರು. ಅವರ ಹೆಸರು ಗಂಡನ ಊರಿನ ಆಶಾ ಹತ್ತಿರ, ಮಗು ಇಲ್ಲಿ. ಯಾರೂ ಭೇಟಿ ಕೊಡದೆ ಉಳಿಯುವ ಸಾಧ್ಯತೆ ಇವರಿಗೇ ಹೆಚ್ಚು, ಪಟ್ಟಿಯಿಂದ ಬಿಟ್ಟುಹೋಗುವವರೂ ಇವರೇ. ಸುತ್ತುವುದನ್ನು ನಾನು ಕೇರಿಯಿಂದ ಶುರುಮಾಡಿ ಅಲ್ಲಿಯ ನೀರು, ಚಹಾ ಕುಡಿಯುತ್ತೇನೆ. ಗೌಡರ ಮನೆಯಲ್ಲಿ ಮೊದಲು ಕೂತರೆ 'ಅವ್ರ ಕಡೆಯವ್ರು' ಅನ್ನುವ ಹೆಸರು ಸಂಜೆಯೊಳಗೇ ಅಂಟುತ್ತದೆ. ಕೇರಿಯಿಂದ ಶುರು ಮಾಡಿದ್ದಕ್ಕೆ ಮೇಲಿನ ಓಣಿಯಲ್ಲಿ ಒಂದೆರಡು ಬಾಗಿಲು ಮುಚ್ಚಿದ್ದೂ ಉಂಟು; ಆ ನಷ್ಟ ನನಗೆ ಒಪ್ಪಿಗೆ.

ಸಂದರ್ಶನದ ಹೊತ್ತಿಗೆ ಆಶಾ ಪಕ್ಕದಲ್ಲಿದ್ದರೆ ಎಲ್ಲ ಉತ್ತರವೂ 'ಬಂದಾರ್ರೀ, ನೋಡ್ಯಾರ್ರೀ'. 'ನೀವು ಹೊರಗಿರಿ' ಅನ್ನುವುದು ಅವಮಾನ, ಬಾಣಂತಿಗೂ ಮುಂದೆ ಕಷ್ಟ. ತಾಯಿ ಕಾರ್ಡ್‌ನಿಂದ ಹಿಡಿದು ಲಸಿಕೆವರೆಗೆ ಆಕೆಗೆ ಬೇಕಾಗುವುದು ಇದೇ ಆಶಾ. ಅದಕ್ಕೇ ಮೊದಲ ದಿನ ಆಶಾ ಜೊತೆ ಹೋಗಿ ಮಾತಾಡಿಸಿ, ಮಗುವಿನ ಕ್ಷೇಮ ಕೇಳಿ, ಬರೆದುಕೊಳ್ಳದೆ ವಾಪಸ್ ಬರುತ್ತೇನೆ. ಎರಡನೇ ಸಲ, ಆಶಾಗಳು ಪಿಎಚ್‌ಸಿ ಸಭೆಗೆ ಹೋದ ದಿನ, ಅವರಿಲ್ಲದೆ ಹೋಗುತ್ತೇನೆ. ಆ ದಿನ ಹೋಗುತ್ತೇನೆಂದು ಅವರಿಗೆ ಮೊದಲೇ ಹೇಳಿರುತ್ತೇನೆ. ಕದ್ದು ಹೋದರೆ ಮೂರನೇ ಮನೆ ಸಿಗುವುದಿಲ್ಲ.

ಒಳಗೆ ಹೋದ ಮೇಲೆ ಇನ್ನೊಂದು ಬಾಗಿಲು, ಅತ್ತೆ. ಕುರ್ಚಿ ತಂದಿಟ್ಟರೂ ಚಾಪೆಯ ಮೇಲೇ ಕೂರಬೇಕು: ಬಾಣಂತಿ ನೆಲದಲ್ಲಿ, ನಾವು ಮೇಲೆ ಎಂದಾದರೆ ನಾವು ಸರ್ಕಾರದವರೇ. ಇಬ್ಬರು ಹೋಗುವುದು ಲೇಸು. ಒಬ್ಬರು ಪಡಸಾಲೆಯಲ್ಲಿ 'ಯವ್ವಾ, ನಿಮ್ ಕಾಲ್ದಾಗ ಬಾಣಂತಿಗೆ ಏನ್ ಕೊಡ್ತಿದ್ರಿ?' ಎಂದು ಕೇಳುತ್ತ ಕೂರಲಿ. ಅದು ನೆಪವಲ್ಲ, ಆ ಉತ್ತರವೂ ನಮಗೆ ಬೇಕು. ಇನ್ನೊಬ್ಬರು ಒಳಕೋಣೆಯಲ್ಲಿ ಬಾಣಂತಿಯ ಹತ್ತಿರ. ಉತ್ತರಕ್ಕೆ ಮೊದಲು ಆಕೆಯ ಕಣ್ಣು ಬಾಗಿಲ ಕಡೆ ಹೋದರೆ, 'ಅತ್ತೀನ ಕೇಳ್ರಿ' ಎಂದರೆ, ಆ ದಿನ ಊಟ, ಆಸ್ಪತ್ರೆ ಖರ್ಚು, ಗಂಡನ ವಿಷಯ ಎತ್ತುವುದಿಲ್ಲ.

'ಆಶಾ ಬಂದಿದ್ರಾ?' ಎಂದು ಕೇಳಿದರೆ ಉತ್ತರ 'ಹೂಂ'. 'ಮನೀಗೆ ಬಂದ್ಮ್ಯಾಲ ಕೂಸಿನ್ನ ತೂಕ ಯಾರು ಹಾಕಿದ್ರು? ಅವತ್ತು ಹೊಕ್ಕಳಬಳ್ಳಿ ಉದುರಿತ್ತೋ ಇಲ್ಲೋ?' ಎಂದರೆ ದಿನಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಒಪ್ಪಿಗೆ ವಿಷಯದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟ: ಊರಿನ ಹಿರಿಯರೋ ಅಧಿಕಾರಿಯೋ ಒಪ್ಪಿದ್ದು ಆ ವ್ಯಕ್ತಿಯ ಒಪ್ಪಿಗೆಯಾಗದು. ಓದು ಬಾರದವರ ಹೆಬ್ಬೆಟ್ಟಿಗೆ ಸಂಶೋಧನೆಗೆ ಸಂಬಂಧಪಡದ ಸಾಕ್ಷಿ ಬೇಕು. ನಾನು ಆಶಾಳನ್ನು ಸಾಕ್ಷಿ ಮಾಡುವುದಿಲ್ಲ, ಬಾಣಂತಿಯೇ ಹೇಳಿದ ನೆರೆಮನೆಯವರನ್ನು ಕರೆಯುತ್ತೇನೆ. ಆದರೆ ಇಲ್ಲಿ 'ಬ್ಯಾಡ' ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. 'ನಾಳಿ ಬರ್ರಿ' ಅನ್ನುವುದು ಎರಡು ಸಲ ಬಂದರೆ ಅದು ಬೇಡ ಎಂದೇ ಲೆಕ್ಕ. ಮೂರನೇ ಸಲ ಹೋದರೆ ಆಕೆ ದಾಕ್ಷಿಣ್ಯಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ.