ಸಂಘದ ರಾಜ್ಯೋತ್ಸವದ ಸ್ಲೈಡ್‌ಗಳು ಕ್ಯಾನ್ವಾದಲ್ಲಿ ಒಂದೇ ಥರ ಕಾಣ್ಬೇಕಾ? ಹೀಗೆ ಮಾಡಿ

ನಮ್ಮ ಬಡಾವಣೆ ಸಂಘದಲ್ಲಿ ರಾಜ್ಯೋತ್ಸವದ ಸ್ಲೈಡ್ ಮಾಡೋಕೆ ನಾಲ್ಕು ಜನ ಕೂರ್ತಾರೆ, ಒಬ್ಬೊಬ್ಬರೂ ತಮಗಿಷ್ಟವಾದ ಟೆಂಪ್ಲೇಟ್ ತಂದು ಸೇರಿಸ್ತಾರೆ, ಸ್ಟೇಜ್ ಮೇಲೆ ಹಾಕಿದಾಗ ನಾಲ್ಕು ಬೇರೆ ಬೇರೆ ಫಂಕ್ಷನ್ ನೋಡ್ದಂಗಿರುತ್ತೆ.

ಮೊದಲು ಬಣ್ಣ. ಮೂರೇ ಸಾಕು: ಕೆಂಪು #C8102E, ಹಳದಿ #FFC400, ಅಕ್ಷರಕ್ಕೆ ಕಡುಗಪ್ಪು #222222. ಈ ಕೋಡ್‌ಗಳನ್ನ ವಾಟ್ಸಾಪ್ ಗ್ರೂಪಲ್ಲಿ ಹಾಕಿಡಿ. ಹಳದಿ ಮೇಲೆ ಬಿಳಿ ಅಕ್ಷರ ಬೇಡವೇ ಬೇಡ, ಪ್ರೊಜೆಕ್ಟರ್‌ನಲ್ಲಿ ಏನೂ ಕಾಣಲ್ಲ.

ಆಮೇಲೆ ನಾಲ್ಕು ಮಾದರಿ ಪುಟ ಮಾಡ್ಕೊಳ್ಳಿ: ಶೀರ್ಷಿಕೆ, ಕಾರ್ಯಕ್ರಮ ಪಟ್ಟಿ, ಅತಿಥಿ ಪರಿಚಯ, ಫೋಟೋ. ಹೊಸ ಸ್ಲೈಡ್ ಬೇಕಾದಾಗ ಖಾಲಿ ಪುಟ ತೆಗೀಬೇಡಿ, ಇವುಗಳಲ್ಲೇ ಒಂದನ್ನ Duplicate ಮಾಡಿ.

ಎಲ್ಲರೂ ಎಡವೋದು ಅಕ್ಷರದಲ್ಲಿ. ಟೆಂಪ್ಲೇಟ್‌ಗಳನ್ನ ಬಹುತೇಕ ಇಂಗ್ಲಿಷ್‌ಗೆ ಅಂತ ಮಾಡಿರ್ತಾರೆ. ಅದರ ಫಾಂಟ್‌ನಲ್ಲಿ ಕನ್ನಡ ಅಕ್ಷರವೇ ಇರಲ್ಲ, ಹಾಗಾಗಿ ನೀವು ಕನ್ನಡ ಟೈಪ್ ಮಾಡಿದಾಗ ಕ್ಯಾನ್ವಾ ತಾನೇ ಇನ್ಯಾವುದೋ ಫಾಂಟ್ ಹಾಕಿ ತೋರಿಸುತ್ತೆ, ಆದ್ರೆ ಮೇಲೆ ಹೆಸರು ಮಾತ್ರ ಹಳೇದೇ ಇರುತ್ತೆ. ಸರಿಯಾಗೇ ಇದೆ ಅನ್ಕೊಂಡು ಮುಂದೆ ಹೋಗ್ತೀವಿ. ಅದಕ್ಕೇ ಪಠ್ಯ ಸೆಲೆಕ್ಟ್ ಮಾಡಿ ನೀವೇ Noto Sans Kannada ಆರಿಸಿ. ನಾನಂತೂ ಶೀರ್ಷಿಕೆಗೂ ಒಳಗಿನ ಸಾಲಿಗೂ ಇದೊಂದನ್ನೇ ಹಾಕ್ತೀನಿ, ಶೀರ್ಷಿಕೆ 64 ಬೋಲ್ಡ್, ಉಳಿದದ್ದು 34.

ಇಷ್ಟಕ್ಕೇ ಮುಗಿಯಲ್ಲ, Spacing ಓಪನ್ ಮಾಡಿ ನೋಡಿ. ಇಂಗ್ಲಿಷ್ ಶೀರ್ಷಿಕೆಗೆ ಸಾಲುಗಳನ್ನ ಒತ್ತಿಟ್ಟಿರ್ತಾರೆ, ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. 'ರಾಷ್ಟ್ರಕವಿ' ಅಂತ ಮೇಲಿನ ಸಾಲಲ್ಲಿ ಬರೆದು ನೋಡಿ, ಗೊತ್ತಾಗುತ್ತೆ. Line spacing 1.4 ಇಡಿ, Letter spacing ಸೊನ್ನೆ. ಹಳೇ ನುಡಿ ಫೈಲಿಂದ ನೇರ ಪೇಸ್ಟ್ ಮಾಡಿದ್ರೆ ಅರ್ಥವಿಲ್ಲದ ಗುರುತುಗಳು ಬರ್ತವೆ, ಮೊದಲು ಯೂನಿಕೋಡ್‌ಗೆ ಬದಲಾಯಿಸ್ಕೊಳ್ಳಿ.

ಕಾರ್ಯದರ್ಶಿಗಳು ಹಿಂದಿನ ರಾತ್ರಿ ಬೇರೆ ಬಣ್ಣದ ಎರಡು ಸ್ಲೈಡ್ ಕಳಿಸಿದ್ರೆ? ಅವರ ನೀಲಿ ಚೌಕ ಸೆಲೆಕ್ಟ್ ಮಾಡಿ ನಮ್ಮ ಕೆಂಪು ಕೊಡಿ, ಬಣ್ಣಗಳ ಪಟ್ಟಿ ಕೆಳಗೆ Change all ಬರುತ್ತೆ, ಒತ್ತಿದ್ರೆ ಆ ನೀಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕೆಂಪಾಗುತ್ತೆ. ಪಠ್ಯಕ್ಕೆ ಪೇಂಟ್ ರೋಲರ್ ಗುರುತಿನ Copy style ಸಾಕು.

ಕಿರೀಟದ ಗುರುತಿರೋ ಚಿತ್ರ ಮುಟ್ಟಬೇಡಿ, ದುಡ್ಡು ಕಟ್ಟದೇ ಇದ್ರೆ ವಾಟರ್‌ಮಾರ್ಕ್ ಬರುತ್ತೆ. ಹಾಲ್‌ನವರಿಗೆ ಪಿಪಿಟಿ ಕೊಡಬೇಡಿ, ಅವರ ಕಂಪ್ಯೂಟರಲ್ಲಿ ನಮ್ಮ ಫಾಂಟ್ ಇಲ್ದಿದ್ರೆ ಇಷ್ಟೆಲ್ಲಾ ಮಾಡಿದ್ದು ಕೆಟ್ಟುಹೋಗುತ್ತೆ, ಪಿಡಿಎಫ್ ಕೊಡಿ.